ಗೋಡೆಯ ಮೇಲಿನ ಫ್ಲ್ಯಾಶ್ ಕಲೆ

ಆಯಿಲ್ ಪೇಂಟ್ ಬಳಿದ ಗೋಡೆಯ ಮುಂದೆ ಮದುಮಕ್ಕಳನ್ನು ನಿಲ್ಲಿಸಿ ಫ್ಲ್ಯಾಶ್ ಹಾಕಿದರೆ, ತಲೆಯ ಪಕ್ಕದಲ್ಲೇ ಬಿಳಿ ಕಲೆಯೊಂದು ಕಣ್ಣಿಗೆ ಹೊಡೆಯುತ್ತದೆ. ಫೋಟೋಶಾಪ್‌ನಲ್ಲಿ ಅದನ್ನು ತೆಗೆಯುವ ಮುನ್ನ Info ಫಲಕ ತೆರೆದು ಕಲೆಯ ನಡುಭಾಗದ ಅಂಕಿ ನೋಡಿ. ಕೆಂಪು, ಹಸಿರು, ನೀಲಿ ಮೂರೂ 255 ಇದ್ದರೆ ಅಲ್ಲಿ ಗೋಡೆಯ ಬಣ್ಣವೇ ಉಳಿದಿಲ್ಲ. ಬರ್ನ್ ಮಾಡಿದಷ್ಟೂ ಬೂದು ಮಚ್ಚೆಯೇ ಬರುತ್ತದೆ.

ಅಲ್ಲಿಗೆ ತೇಪೆಯೇ ಗತಿ. ಹೊಸ ಲೇಯರ್ ಮಾಡಿ, ಅದೇ ಗೋಡೆಯ ಸಮೀಪದ ಜಾಗದಿಂದ ಮೆತ್ತನೆಯ ಅಂಚಿನ ಕ್ಲೋನ್ ಸ್ಟ್ಯಾಂಪ್ ಬಳಸಿ ತುಂಬಿ. ಗೋಡೆಯ ಒರಟುತನವೂ ಅದರ ಜೊತೆಗೇ ಬರುತ್ತದೆ.

ಸುತ್ತಲಿನ ಮಸುಕು ಪ್ರಭೆಯಲ್ಲಿ ಮಾತ್ರ ಬರ್ನಿಂಗ್ ಫಲಿಸುತ್ತದೆ. 50% ಬೂದು ತುಂಬಿದ ಲೇಯರನ್ನು Soft Light ಮಾಡಿ, ದೊಡ್ಡ ಕಪ್ಪು ಬ್ರಷ್‌ನ ಅಪಾರದರ್ಶಕತೆಯನ್ನು 5 ಶೇಕಡಾಕ್ಕೆ ಇಳಿಸಿ, ನಿಧಾನವಾಗಿ ಸವರಿ. ಹೆಚ್ಚು ಕಪ್ಪಾದ ಕಡೆ ಬಿಳಿ ಬ್ರಷ್ ಆಡಿಸಿದರೆ ಅದೇ ಡಾಡ್ಜಿಂಗ್. ಬಣ್ಣ ಇನ್ನೂ ಪೇಲವ ಅನ್ನಿಸಿದರೆ Color ಲೇಯರ್‌ನಲ್ಲಿ ಗೋಡೆಯ ಬಣ್ಣವನ್ನೇ ತೆಳುವಾಗಿ ಬಳಿಯಿರಿ.

ಕೊನೆಗೆ Curves ಲೇಯರ್‌ನಿಂದ ಕಾಂಟ್ರಾಸ್ಟನ್ನು ತಾತ್ಕಾಲಿಕವಾಗಿ ಏರಿಸಿ ನೋಡಿ; ಅಡಗಿದ್ದ ಪಟ್ಟೆಗಳೆಲ್ಲ ಎದ್ದು ಕಾಣುತ್ತವೆ. ಬೆಳಕು ಕೂದಲಿನ ಎಳೆಗಳನ್ನೇ ನುಂಗಿದ್ದರೆ ಈ ಉಪಾಯ ಸಾಲದು, ಇನ್ನೊಂದು ಫೋಟೋ ಆರಿಸಿಕೊಳ್ಳಿ.