‘ಚಾರ್ಜ್ ಇಲ್ಲ’ ಎಂದರೆ ರೇಟ್ ನೋಡಿ

ಸಂಬಳ ಬಿದ್ದ ವಾರ ದುಬೈನ ದೇರಾದಲ್ಲಿ, ಶಾರ್ಜಾದ ರೋಲಾದಲ್ಲಿ ಎಕ್ಸ್‌ಚೇಂಜ್‌ಗಳ ಕೌಂಟರ್ ಮುಂದೆ ಸಾಲು ನಿಲ್ಲುತ್ತದೆ. ಸಾಲಿನಲ್ಲಿ ಭಟ್ಕಳದವರು, ಬೈಂದೂರಿನವರು, ಉಳ್ಳಾಲದವರು ಇದ್ದೇ ಇರುತ್ತಾರೆ. ಊರಿಗೆ ದುಡ್ಡು ಕಳಿಸುವಾಗ ಹೆಚ್ಚಿನವರು ಮೊದಲು ಕೇಳುವುದು ‘ಚಾರ್ಜ್ ಎಷ್ಟು?’ ಎಂದು. ಆ ಚಾರ್ಜ್ ರಸೀದಿಯಲ್ಲಿ ಕಾಣುತ್ತದೆ, ಹಾಗಾಗಿ ಅದು ನೋಯುತ್ತದೆ. ಆದರೆ ಹಣ ಹೋಗುವ ಇನ್ನೊಂದು ದಾರಿಯಿದೆ. ಅದಕ್ಕೆ ರಸೀದಿಯಲ್ಲಿ ಬೇರೆ ಸಾಲೇ ಇರುವುದಿಲ್ಲ, ಅದು ರೇಟಿನೊಳಗೇ ಸೇರಿರುತ್ತದೆ.

ಬ್ಯಾಂಕುಗಳು ತಮ್ಮತಮ್ಮಲ್ಲಿ ಕರೆನ್ಸಿ ಕೊಂಡು ಮಾರುವಾಗ ಒಂದು ದರ ನಡೆಯುತ್ತಿರುತ್ತದೆ. ಎಕ್ಸ್‌ಚೇಂಜ್ ನಮಗೆ ಕೊಡುವುದು ಅದಕ್ಕಿಂತ ಕೆಲವು ಪೈಸೆ ಕಡಿಮೆ ದರವನ್ನು. ನಡುವಿನ ಆ ಪೈಸೆಗಳೇ ಅವರ ಮಾರ್ಜಿನ್. ಅದರಲ್ಲಿ ಮೋಸವೇನಿಲ್ಲ, ಅಂಗಡಿ ನಡೆಯಬೇಕಲ್ಲ. ಆದರೆ ಅದೆಷ್ಟು ಎಂದು ತಿಳಿಯುವ ಹಕ್ಕು ದುಡಿದವನಿಗಿದೆ. ಯುಎಇಯಲ್ಲಿ ಅದನ್ನು ಲೆಕ್ಕ ಹಾಕುವುದು ಸುಲಭ, ಏಕೆಂದರೆ ಅಲ್ಲಿನ ದಿರ್ಹಮ್ 1997ರಿಂದ ಡಾಲರಿಗೆ ಕಟ್ಟಿಬಿದ್ದಿದೆ: ಒಂದು ಡಾಲರಿಗೆ 3.6725 ದಿರ್ಹಮ್. ಆ ಹೊತ್ತಿನ ಡಾಲರ್ ದರವನ್ನು ಮೊಬೈಲಿನಲ್ಲಿ ನೋಡಿ ಈ ಸಂಖ್ಯೆಯಿಂದ ಭಾಗಿಸಿದರೆ ದಿರ್ಹಮಿನ ನಿಜವಾದ ಬೆಲೆ ಸಿಗುತ್ತದೆ. ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಳ್ಳಿ, ಆಗ ದಿರ್ಹಮಿಗೆ ಸುಮಾರು 23 ರೂಪಾಯಿ 14 ಪೈಸೆ.

ಈಗ ಒಂದೇ ರಸ್ತೆಯಲ್ಲಿ ಎರಡು ಅಂಗಡಿಗಳಿವೆ ಎಂದುಕೊಳ್ಳೋಣ. ಮೊದಲನೆಯದರಲ್ಲಿ ಚಾರ್ಜ್ 20 ದಿರ್ಹಮ್, ಅದರ ಮೇಲೆ ಶೇ. 5ರ ವ್ಯಾಟ್ ಸೇರಿ 21. ರೇಟ್ 23.05. ಎರಡನೆಯದರಲ್ಲಿ ‘ಚಾರ್ಜ್ ಇಲ್ಲ’ ಎಂಬ ಬೋರ್ಡ್, ರೇಟ್ 22.80. ಕೈಯಲ್ಲಿ 5,000 ದಿರ್ಹಮ್ ಇದೆ, ಚಾರ್ಜ್ ಅದರಲ್ಲೇ ಹೋಗಬೇಕು. ಮೊದಲ ಅಂಗಡಿ 21 ಕಳೆದು ಉಳಿದ 4,979 ದಿರ್ಹಮನ್ನು ಬದಲಿಸುತ್ತದೆ, ಊರಿನಲ್ಲಿ 1,14,766 ರೂಪಾಯಿ ಸಿಗುತ್ತದೆ. ಎರಡನೆಯದು ಪೂರ್ತಿ 5,000 ಬದಲಿಸಿದರೂ ಸಿಗುವುದು 1,14,000. ಚಾರ್ಜ್ ಇಲ್ಲದ ಕಡೆಯಲ್ಲೇ 766 ರೂಪಾಯಿ ಕಡಿಮೆ!

ಹಾಗೆಂದು ಮೊದಲನೆಯ ಅಂಗಡಿಯೇ ಯಾವಾಗಲೂ ಲಾಭ ಎನ್ನಲಾಗದು. ತುರ್ತಿಗೆಂದು 500 ದಿರ್ಹಮ್ ಕಳಿಸುವವನ ಲೆಕ್ಕ ತಿರುಗುಮುರುಗಾಗುತ್ತದೆ. ಅವನ ಮನೆಗೆ ಮೊದಲ ಅಂಗಡಿಯಿಂದ 11,041 ರೂಪಾಯಿ ತಲುಪಿದರೆ ಎರಡನೆಯದರಿಂದ 11,400 ತಲುಪುತ್ತದೆ. ಚಾರ್ಜ್ ಒಂದು ಸಲಕ್ಕೆ ಇಷ್ಟೇ ಎಂದು ನಿಂತಿರುತ್ತದೆ, ಮಾರ್ಜಿನ್ ಮಾತ್ರ ಕಳಿಸುವ ಪ್ರತಿ ದಿರ್ಹಮಿಗೂ ಅಂಟಿಕೊಳ್ಳುತ್ತದೆ. ಈ ಎರಡು ಅಂಗಡಿಗಳ ಲೆಕ್ಕ ಸಮನಾಗುವುದು ಸುಮಾರು 1,936 ದಿರ್ಹಮಿನಲ್ಲಿ. ಅದಕ್ಕಿಂತ ಹೆಚ್ಚು ಕಳಿಸುವವನು ಚಾರ್ಜ್ ಕೊಟ್ಟು ಒಳ್ಳೆಯ ರೇಟ್ ಹಿಡಿಯಬೇಕು, ಕಡಿಮೆ ಕಳಿಸುವವನಿಗೆ ಚಾರ್ಜ್ ಇಲ್ಲದ ಅಂಗಡಿಯೇ ಮೇಲು. ತಿಂಗಳಲ್ಲಿ ನಾಲ್ಕು ಸಲ ಚೂರುಚೂರಾಗಿ ಕಳಿಸುವವರು ಒಮ್ಮೆಗೇ ಕಳಿಸಿದರೆ ಮೂರು ಸಲದ ಚಾರ್ಜ್ ಉಳಿಯುತ್ತದೆ. ಮಾರ್ಜಿನ್ ಹಾಗೆ ಉಳಿಯುವುದಿಲ್ಲ.

ಆದ್ದರಿಂದ ಕೌಂಟರಿನಲ್ಲಿ ಕೇಳಬೇಕಾದದ್ದು ಚಾರ್ಜನ್ನೂ ಅಲ್ಲ, ಬರೀ ರೇಟನ್ನೂ ಅಲ್ಲ. ‘ನನ್ನ ಕೈಯಿಂದ ಒಟ್ಟು ಇಷ್ಟು ದಿರ್ಹಮ್ ಹೋದರೆ ಊರಿನ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ?’ ಎಂದು ಕೇಳಿ. ಎರಡು ಮೂರು ಕಡೆ ಒಂದೇ ಹೊತ್ತಿಗೆ ಕೇಳಬೇಕು. ಬೆಳಗಿನ ರೇಟನ್ನು ಸಂಜೆಯ ರೇಟಿಗೆ ಹೋಲಿಸಿದರೆ ವ್ಯತ್ಯಾಸ ಅಂಗಡಿಯದೋ ಮಾರುಕಟ್ಟೆಯದೋ ಗೊತ್ತಾಗುವುದಿಲ್ಲ. ಗೋಡೆಯ ಬೋರ್ಡಿನಲ್ಲಿ ನೋಟು ಕೊಳ್ಳುವ, ಮಾರುವ ದರವೂ ಇರುತ್ತದೆ, ಹಣ ಕಳಿಸುವ ದರ ಬೇರೆ. ಆ್ಯಪ್‌ಗಳು ಹೊಸಬರಿಗೆ ಮೊದಲ ಸಲ ತೋರಿಸುವ ಚೆಂದದ ರೇಟನ್ನು ನಂಬಿ ಕೂರಬೇಡಿ, ಎರಡನೆಯ ಸಲ ಮತ್ತೆ ಭಾಗಿಸಿ ನೋಡಿ. ಶನಿವಾರ, ಭಾನುವಾರ ರೂಪಾಯಿಯ ಮಾರುಕಟ್ಟೆ ಮುಚ್ಚಿರುವುದರಿಂದ ಸೋಮವಾರದ ಏರಿಳಿತಕ್ಕೆಂದು ಕೆಲವರು ಮಾರ್ಜಿನ್ ಹೆಚ್ಚಿಗೆ ಇಟ್ಟುಕೊಳ್ಳುತ್ತಾರೆ. ದುರದೃಷ್ಟಕ್ಕೆ ಅನೇಕರಿಗೆ ಕೌಂಟರಿಗೆ ಹೋಗಲು ಬಿಡುವು ಸಿಗುವುದೂ ರಜೆಯ ದಿನವೇ.

ಬ್ಯಾಂಕಿನಿಂದ ನೇರವಾಗಿ ಡಾಲರ್ ಅಥವಾ ದಿರ್ಹಮಿನಲ್ಲೇ ಕಳಿಸುವವರು ಇನ್ನೊಂದು ವಿಷಯ ಗಮನಿಸಬೇಕು. ಎಕ್ಸ್‌ಚೇಂಜ್ ಸಾಮಾನ್ಯವಾಗಿ ಅಲ್ಲೇ ರೂಪಾಯಿ ಮಾಡಿ ಕಳಿಸುತ್ತದೆ, ರಸೀದಿಯಲ್ಲಿ ಬರೆದಷ್ಟೇ ಮೊತ್ತ ಇಲ್ಲಿಗೆ ಬರುತ್ತದೆ. ವಿದೇಶಿ ಕರೆನ್ಸಿಯಾಗಿಯೇ ಹೊರಟ ಹಣವನ್ನು ರೂಪಾಯಿ ಮಾಡುವುದು ಊರಿನ ಬ್ಯಾಂಕು, ತನ್ನ ರೇಟಿನಲ್ಲಿ. ಅದರ ಮೇಲೆ ಜಿಎಸ್‌ಟಿಯೂ ಬೀಳುತ್ತದೆ. ದಾರಿಯಲ್ಲಿ ಸಿಗುವ ನಡುವಿನ ಬ್ಯಾಂಕು ತನ್ನ ಪಾಲು ಮುರಿದುಕೊಳ್ಳುವುದೂ ಉಂಟು. ಕಳಿಸಿದವನ ಕೈಯಲ್ಲಿರುವ ರಸೀದಿಯಲ್ಲಿ ಇವು ಯಾವುವೂ ಇರುವುದಿಲ್ಲ. ಮನೆಯವರು ಪಾಸ್‌ಬುಕ್ಕಿನಲ್ಲಿ ಬಿದ್ದ ಮೊತ್ತದ ಫೋಟೋ ಕಳಿಸಬೇಕು. ಅದನ್ನು ಕಳಿಸಿದ ದಿರ್ಹಮಿನಿಂದ ಭಾಗಿಸಿದಾಗ ಬರುವುದೇ ನಿಮಗೆ ನಿಜವಾಗಿ ಸಿಕ್ಕ ರೇಟ್.