ಓರೆ ಫೋಟೊ, ನೇರ ಸಾಧನೆ

ಮೊಬೈಲಿಗೆ ಬಂದ ಫೋಟೊದಲ್ಲಿ ಗಾಳಿಪಟದಂಥ ಒಂದು ಚತುರ್ಭುಜವಿತ್ತು. ಮೇಲಿನ ತುದಿ A, ಎಡಕ್ಕೆ B, ಕೆಳಗೆ C, ಬಲಕ್ಕೆ D. ಎರಡು ಕರ್ಣಗಳನ್ನೂ ಎಳೆದಿದ್ದರು, ಅವು ಕೂಡುವ ಜಾಗಕ್ಕೆ E ಎಂದು ಹೆಸರು. AB ಮತ್ತು AD ಬಾಹುಗಳ ಮೇಲೆ ಒಂದೊಂದು ಅಡ್ಡಗೀಟು, BC ಮತ್ತು DC ಮೇಲೆ ಎರಡೆರಡು. ಪ್ರಶ್ನೆ ಇಷ್ಟೇ: BE = DE ಎಂದು ಎರಡು ಕಾಲಂಗಳಲ್ಲಿ ಸಾಧಿಸಿ. ಕಳಿಸಿದವಳು ಅಮೆರಿಕದಲ್ಲಿ ಹೈಸ್ಕೂಲು ಓದುತ್ತಿರುವ ಅಕ್ಕನ ಮಗಳು. ಫೋಟೊದ ಕೆಳಗೆ ಅವಳದೊಂದು ಸಾಲು: "ಮಾವಾ, ನೋಡಿದ್ರೇನೇ ಗೊತ್ತಾಗತ್ತಲ್ಲ, ಇದರಲ್ಲಿ ಸಾಧಿಸೋಕೆ ಏನಿದೆ?"

ನೋಡಿದರೆ ಗೊತ್ತಾಗುವಂತಿರಲಿಲ್ಲ. ಅವಳು ಪುಸ್ತಕವನ್ನು ಮೇಜಿನ ಮೇಲಿಟ್ಟು, ಕುರ್ಚಿಯಲ್ಲಿ ಕೂತಂತೆಯೇ ಪಕ್ಕದಿಂದ ಫೋಟೊ ತೆಗೆದಿದ್ದಳು. ಕ್ಯಾಮೆರಾಕ್ಕೆ ಹತ್ತಿರವಿದ್ದ ಎಡಭಾಗ ದೊಡ್ಡದಾಗಿ, ದೂರದ ಬಲಭಾಗ ಕುಗ್ಗಿ ಬಂದಿತ್ತು. ಪರದೆಯ ಮೇಲೆ ಸ್ಕೇಲು ಇಟ್ಟು ಅಳೆದರೆ BE ಉದ್ದ, DE ಗಿಡ್ಡ. ಅಷ್ಟೇ ಏಕೆ, ಸಮ ಎಂದು ಗೀಟು ಹಾಕಿದ AB ಮತ್ತು AD ಕೂಡ ಸಮವಾಗಿರಲಿಲ್ಲ.

ಹಾಗೆಂದು ಈ ಫೋಟೊ ಕೆಲಸಕ್ಕೆ ಬಾರದ್ದಲ್ಲ. ಓರೆಯಾಗಿ ತೆಗೆದ ಫೋಟೊ ಉದ್ದವನ್ನು ಕೆಡಿಸುತ್ತದೆ, ಕೋನವನ್ನು ಕೆಡಿಸುತ್ತದೆ, ಸಮಾಂತರ ರೇಖೆಗಳನ್ನು ಒಂದರ ಕಡೆಗೊಂದು ವಾಲಿಸುತ್ತದೆ. ಆದರೆ ನೇರ ರೇಖೆ ನೇರವಾಗಿಯೇ ಉಳಿಯುತ್ತದೆ. ಕಾಗದದ ಮೇಲೆ ಎರಡು ರೇಖೆಗಳು ಒಂದು ಬಿಂದುವಿನಲ್ಲಿ ಕೂಡಿದ್ದರೆ ಫೋಟೊದಲ್ಲೂ ಕೂಡುತ್ತವೆ. A ಮತ್ತು C ನಡುವೆ E ಇದ್ದರೆ ಅಲ್ಲೂ ನಡುವೆಯೇ ಇರುತ್ತದೆ. ಮೊಬೈಲಿನ ಲೆನ್ಸು ಚಿತ್ರದ ಅಂಚಿನಲ್ಲಿ ರೇಖೆಯನ್ನು ಕೊಂಚ ಬಗ್ಗಿಸಬಹುದು, ಅದು ಬೇರೆ ಮಾತು. ಈಗ ರೇಖಾಗಣಿತದ ಶಿಸ್ತನ್ನು ನೋಡಿ. ಆಕೃತಿಯನ್ನು ನೋಡಿ ಒಪ್ಪಿಕೊಳ್ಳಬಹುದಾದದ್ದು ಯಾವ ಬಿಂದು ಯಾವ ರೇಖೆಯ ಮೇಲಿದೆ, ಯಾವುದು ಯಾವುದರ ನಡುವಿದೆ, ಯಾವ ರೇಖೆಗಳು ಎಲ್ಲಿ ಕೂಡುತ್ತವೆ ಎಂಬುದನ್ನು ಮಾತ್ರ. ಸಮ, ಲಂಬ, ಸಮಾಂತರ, ಮಧ್ಯಬಿಂದು ಇವನ್ನು ಕಣ್ಣಳತೆಯಲ್ಲಿ ಒಪ್ಪುವಂತಿಲ್ಲ. ಅವಕ್ಕೆ ಗೀಟು ಬೇಕು, ಚೌಕದ ಗುರುತು ಬೇಕು, ಇಲ್ಲವೇ ಬರಹದ ಹೇಳಿಕೆ ಬೇಕು. ಅಂದರೆ ಓರೆ ಫೋಟೊ ಯಾವುದನ್ನು ಉಳಿಸಿಕೊಡುತ್ತದೋ ಅದನ್ನೇ ಸಾಧನೆಯೂ ಆಕೃತಿಯಿಂದ ತೆಗೆದುಕೊಳ್ಳುತ್ತದೆ. ನೆಟ್ಟಗೆ ಮೇಲಿನಿಂದ ತೆಗೆದ ಅಂದದ ಫೋಟೊಗಿಂತ ಇಂಥ ಸೊಟ್ಟ ಫೋಟೊ ಕಲಿಯುವವರಿಗೆ ಹೆಚ್ಚು ಒಳ್ಳೆಯದೆಂದೇ ನನ್ನ ಎಣಿಕೆ. ಅದು ಕಣ್ಣಿನ ಆಸೆಯನ್ನು ಮೊದಲೇ ಕಡಿದುಹಾಕುತ್ತದೆ.

ಆದ್ದರಿಂದ ಫೋಟೊ ಸಿಕ್ಕೊಡನೆ ಮೊದಲ ಕೆಲಸ, ಗೀಟುಗಳನ್ನು ಅಕ್ಷರಕ್ಕಿಳಿಸುವುದು. ಚಿತ್ರವನ್ನು ಹಿಗ್ಗಿಸಿ ನೋಡಬೇಕು. ಮಸುಕಾದ ಫೋಟೊದಲ್ಲಿ ಎರಡು ಗೀಟು ಸೇರಿ ಒಂದಾಗಿ ಕಾಣುತ್ತವೆ. ಹಾಗಾದರೆ ನಾಲ್ಕೂ ಬಾಹುಗಳು ಸಮವೆಂದಾಗಿ ನೀವು ಬೇರೊಂದೇ ಲೆಕ್ಕವನ್ನು ಬಿಡಿಸುತ್ತಿರುತ್ತೀರಿ. ಹಳೆಯ ಪುಸ್ತಕವಾದರೆ ಹಿಂದೆ ಓದಿದವರು ಪೆನ್ಸಿಲಿನಲ್ಲಿ ಎಳೆದ ಗೀಟೂ ಇರಬಹುದು. E ಹತ್ತಿರ ಪುಟ್ಟ ಚೌಕ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಅಲ್ಲಿ ಲಂಬಕೋನ ಕಂಡರೂ ಅದು ನಿಮ್ಮದಲ್ಲ. ಫೋಟೊದ ಅಂಚಿನಲ್ಲಿ 'ದತ್ತ'ದ ಸಾಲು ಕತ್ತರಿಸಿಹೋಗಿದ್ದರೆ ಇನ್ನೊಂದು ಫೋಟೊ ಕೇಳುವುದೇ ಸರಿ. ನಮ್ಮ ಲೆಕ್ಕದಲ್ಲಿ ಕೊನೆಗೆ ಉಳಿದದ್ದು ಎರಡೇ ಸಾಲು: AB = AD, BC = DC. ಇವನ್ನು ಬರೆದಿಟ್ಟುಕೊಂಡ ಮೇಲೆ ಫೋಟೊ ಮುಚ್ಚಿಟ್ಟು, ಕೈಯಲ್ಲೇ ಒಂದು ಆಕೃತಿ ಬರೆದುಕೊಳ್ಳಬಹುದು. ಅದು ಸೊಟ್ಟಗಿದ್ದರೂ ನಷ್ಟವಿಲ್ಲ.

ನಮ್ಮ ಶಾಲೆಗಳಲ್ಲಿ ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಒಂದರ ಕೆಳಗೊಂದು ಬರೆದು, ಕಾರಣವನ್ನು ಆಯಾ ಸಾಲಿನ ಪಕ್ಕ ಆವರಣದಲ್ಲಿ ಹಾಕುವುದು ರೂಢಿ. ಅಮೆರಿಕದ ಹೈಸ್ಕೂಲಿನಲ್ಲಿ ಅದನ್ನೇ ನಡುವೆ ಒಂದು ನಿಲುಗೀಟು ಎಳೆದು ಬರೆಸುತ್ತಾರೆ: ಎಡಕ್ಕೆ ಹೇಳಿಕೆ, ಬಲಕ್ಕೆ ಕಾರಣ. ಅಲ್ಲಿ 20ನೆಯ ಶತಮಾನದ ಮೊದಲ ದಶಕಗಳಲ್ಲಿ ನೆಲೆಗೊಂಡ ಪದ್ಧತಿ ಇದು. ಬಲಗಡೆಯ ಒಂದು ಮನೆಯೂ ಖಾಲಿ ಇರಕೂಡದು ಎನ್ನುವುದೇ ಅದರ ಕಟ್ಟುನಿಟ್ಟು. ಆದರೆ ಅದು ಮರೆಮಾಚುವ ಸಂಗತಿಯೂ ಒಂದಿದೆ: ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತೇವೆ, ಹೊಳೆಯುವುದು ಮಾತ್ರ ಕೆಳಗಿನಿಂದ ಮೇಲಕ್ಕೆ.

ಹೇಗೆಂದರೆ, ನಮಗೆ ಬೇಕಾದದ್ದು BE = DE. ಎರಡು ರೇಖಾಖಂಡಗಳು ಸಮ ಎನ್ನಬೇಕಾದರೆ, ಅವು ಎರಡು ಸರ್ವಸಮ ತ್ರಿಭುಜಗಳಲ್ಲಿ ಒಂದಕ್ಕೊಂದು ಅನುರೂಪ ಬಾಹುಗಳಾಗಿದ್ದರೆ ಸಾಕು. BE ಇರುವ ತ್ರಿಭುಜ ABE, DE ಇರುವುದು ADE. ಇವು ಸರ್ವಸಮವೇ? ಕೈಯಲ್ಲಿರುವುದು AB = AD; AE ಎರಡಕ್ಕೂ ಸೇರಿದ ಬಾಹು. ಮೂರನೆಯದೊಂದು ಬೇಕು. BE = DE ಎಂಬುದನ್ನೇ ಬಳಸುವಂತಿಲ್ಲ, ಅದೇ ಸಾಧನೀಯ. ಹಾಗಾದರೆ ಆ ಎರಡು ಬಾಹುಗಳ ನಡುವಿನ ಕೋನ, ಅಂದರೆ A ಹತ್ತಿರದ ಎರಡು ಕೋನಗಳು ಸಮವಾಗಬೇಕು. ಅವು ಸಮವೆಂದು ಹೇಳುವವರಾರು? ಇಲ್ಲಿ ದೊಡ್ಡ ತ್ರಿಭುಜಗಳು ಕಣ್ಣಿಗೆ ಬೀಳುತ್ತವೆ: ABC ಮತ್ತು ADC. ಅವುಗಳ ಮೂರೂ ಬಾಹುಗಳು ಸಮ, ಎರಡು ಗೀಟಿನಿಂದ, ಒಂದು ಉಭಯಸಾಮಾನ್ಯ. ದಾರಿ ಸಿಕ್ಕಿತು. ಈಗ ತಿರುಗಿ ನಿಂತು ಬರೆಯುವುದಷ್ಟೇ.

| ಹೇಳಿಕೆ | ಕಾರಣ |
|---|---|
| 1. AB = AD | ದತ್ತ (ಒಂದು ಗೀಟು) |
| 2. BC = DC | ದತ್ತ (ಎರಡು ಗೀಟು) |
| 3. AC = AC | ಉಭಯಸಾಮಾನ್ಯ ಬಾಹು |
| 4. △ABC ≅ △ADC | ಬಾ.ಬಾ.ಬಾ. (1, 2, 3ರಿಂದ) |
| 5. ∠BAC = ∠DAC | ಸರ್ವಸಮ ತ್ರಿಭುಜಗಳ ಅನುರೂಪ ಕೋನಗಳು (4) |
| 6. ∠BAE = ∠DAE | E ಬಿಂದು AC ಮೇಲಿದೆ (5) |
| 7. AE = AE | ಉಭಯಸಾಮಾನ್ಯ ಬಾಹು |
| 8. △ABE ≅ △ADE | ಬಾ.ಕೋ.ಬಾ. (1, 6, 7ರಿಂದ) |
| 9. BE = DE | ಸರ್ವಸಮ ತ್ರಿಭುಜಗಳ ಅನುರೂಪ ಬಾಹುಗಳು (8) |

ನಾಲ್ಕನೆಯ ಸಾಲಿನಲ್ಲಿ ಅಕ್ಷರಗಳ ಸರದಿಗೆ ಬೆಲೆಯಿದೆ. △ABC ≅ △ADC ಎಂದರೆ Aಗೆ A, Bಗೆ D, Cಗೆ C ಎಂದರ್ಥ. ಅದನ್ನೇ △ABC ≅ △CDA ಎಂದು ಬರೆದರೆ AB ಬಾಹು CDಗೆ ಸಮವೆಂದು ಹೇಳಿದಂತಾಯಿತು. ಒಂದು ಗೀಟಿನ ಬಾಹುವನ್ನು ಎರಡು ಗೀಟಿನದಕ್ಕೆ ಜೋಡಿಸಿಬಿಟ್ಟಿರಿ! ಐದನೆಯ ಸಾಲಿನ ಕೋನ ಯಾವುದೆಂಬುದು ಆಕೃತಿಯಿಂದಲ್ಲ, ನಾಲ್ಕನೆಯ ಸಾಲಿನ ಈ ಸರದಿಯಿಂದಲೇ ಹೊರಡುತ್ತದೆ. ಆರನೆಯ ಸಾಲನ್ನು ಹಲವರು ಬರೆಯುವುದೇ ಇಲ್ಲ, ಎರಡೂ ಒಂದೇ ಕೋನವಲ್ಲವೇ ಎಂದು. ಒಂದೇ ಕೋನ ಹೌದು, E ಬಿಂದು AC ಮೇಲಿರುವುದರಿಂದ. ಇಡೀ ಪಟ್ಟಿಯಲ್ಲಿ ಆಕೃತಿಯನ್ನು ಕಣ್ಣಿಂದ ನೋಡಿ ತೆಗೆದುಕೊಂಡ ಮುಖ್ಯ ಸಂಗತಿ ಇದೊಂದೇ, ಮತ್ತು ಓರೆ ಫೋಟೊ ಅದನ್ನು ಕೆಡಿಸಿಲ್ಲ.

ಅಕ್ಕನ ಮಗಳು ಮೊದಲು ಕಳಿಸಿದ್ದು ಈ ಪಟ್ಟಿಯಲ್ಲ, ಇದಕ್ಕಿಂತ ಚಿಕ್ಕದು. ಅವಳ ವಾದ ಹೀಗಿತ್ತು: AB = AD ಆದ್ದರಿಂದ ABD ಸಮದ್ವಿಬಾಹು ತ್ರಿಭುಜ; ಹಾಗಾಗಿ B ಹತ್ತಿರದ ಕೋನ ABE ಮತ್ತು D ಹತ್ತಿರದ ಕೋನ ADE ಸಮ. AE ಉಭಯಸಾಮಾನ್ಯ. ಎರಡು ಬಾಹು, ಒಂದು ಕೋನ ಸಮವಾದವು, ಆದ್ದರಿಂದ ABE ಮತ್ತು ADE ಸರ್ವಸಮ, BE = DE. ಪ್ರತಿ ಸಾಲಿಗೂ ಬಲಗಡೆ ಕಾರಣವಿತ್ತು. ಸರ್ವಸಮತೆಯ ಸಾಲಿಗೆ ಬಾ.ಕೋ.ಬಾ. ಎಂದಿತ್ತು. ತಪ್ಪಿದ್ದದ್ದು ಅಲ್ಲೇ. ಬಾ.ಕೋ.ಬಾ. ಎಂಬ ಹೆಸರಿನಲ್ಲಿ ಕೋನ ಎರಡು ಬಾಹುಗಳ ನಡುವೆ ಕೂತಿರುವುದು ಪ್ರಾಸಕ್ಕಾಗಿ ಅಲ್ಲ. ಕೋನ ಆ ಎರಡು ಬಾಹುಗಳ ನಡುವಿನದೇ ಆಗಿರಬೇಕು. AB ಮತ್ತು AE ಕೂಡುವುದು Aಯಲ್ಲಿ, ಅವಳು ತೆಗೆದುಕೊಂಡ ಕೋನ ಇರುವುದು Bಯಲ್ಲಿ.

ಅದರಿಂದ ಏನು ಮಹಾ ಕೆಡುತ್ತದೆ ಎಂದು ಕೇಳಬಹುದು. ಕೆಡುವುದನ್ನು ಇದೇ ಆಕೃತಿಯಲ್ಲಿ ತೋರಿಸಬಹುದು. C ಬಿಂದುವನ್ನು ಸದ್ಯಕ್ಕೆ ಅಳಿಸಿಬಿಡಿ. AB = AD = 10 ಸೆಂ.ಮೀ., BD = 12 ಸೆಂ.ಮೀ. ಇರುವ ತ್ರಿಭುಜ ಬರೆದು, BD ಮೇಲೆ Bಯಿಂದ 4 ಸೆಂ.ಮೀ. ದೂರದಲ್ಲಿ E ಗುರುತಿಸಿ AE ಸೇರಿಸಿ. ಈಗ AB = AD ಇದೆ, B ಮತ್ತು D ಕೋನಗಳು ಸಮ ಇವೆ, AE ಎರಡು ತ್ರಿಭುಜಗಳಿಗೂ ಸೇರಿದ್ದು. ಅವಳ ಪಟ್ಟಿಯ ಪ್ರತಿ ಕಾರಣವೂ ಇಲ್ಲಿ ಅನ್ವಯಿಸುತ್ತದೆ. ಆದರೆ BE 4 ಸೆಂ.ಮೀ., DE 8 ಸೆಂ.ಮೀ. ಎರಡು ಬಾಹು ಮತ್ತು ನಡುವಿನದಲ್ಲದ ಕೋನ ಸಮವಾದ ಮಾತ್ರಕ್ಕೆ ತ್ರಿಭುಜಗಳು ಸರ್ವಸಮವಾಗಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ನನಗೆ ಗೊತ್ತಿಲ್ಲ.

ಇಂಥ ತಪ್ಪನ್ನು ಲೆಕ್ಕದೊಳಗೆ ಇಳಿಯದೆಯೂ ಹಿಡಿಯಲು ಒಂದು ಉಪಾಯವಿದೆ. ಅವಳ ಪಟ್ಟಿಯಲ್ಲಿ ಎರಡು ಗೀಟಿನ ಬಾಹುಗಳ ಹೆಸರೇ ಬಂದಿರಲಿಲ್ಲ. BC = DC ಎಂಬುದನ್ನು ಮುಟ್ಟದೆ ಸಾಧನೆ ಮುಗಿದಿದೆ ಎಂದರೆ, C ಎಲ್ಲಿದ್ದರೂ, ಅಂದರೆ E ಬಿಂದು BD ಮೇಲೆ ಎಲ್ಲಿ ಬಿದ್ದರೂ, BE = DE ಎಂದು ಹೇಳಿದಂತೆ. ಅದು ಸಾಧ್ಯವೇ ಇಲ್ಲ. ದತ್ತದ ಒಂದು ಸಾಲು ಬಲಗಡೆಯ ಯಾವ ಕಾರಣಕ್ಕೂ ಬಳಕೆಯಾಗದೆ ಉಳಿದಿದ್ದರೆ, ಒಂದೋ ಪ್ರಶ್ನೆ ಕೊಟ್ಟವರು ಬೇಡದ್ದನ್ನು ಕೊಟ್ಟಿದ್ದಾರೆ, ಇಲ್ಲವೇ ನಾವು ಎಲ್ಲೋ ಹಾರಿದ್ದೇವೆ. ಶಾಲೆಯ ಲೆಕ್ಕಗಳಲ್ಲಿ ಹೆಚ್ಚಾಗಿ ಎರಡನೆಯದೇ. ಹಾಗಾಗಿ ಮುಗಿಸಿದ ಪಟ್ಟಿಯ ಪ್ರತಿ ಸಾಲಿನ ಮುಂದೆ, ಅದನ್ನು ಕೆಳಗೆ ಯಾವ ಸಾಲು ಬಳಸಿದೆ ಎಂದು ಪೆನ್ಸಿಲಿನಲ್ಲಿ ಬರೆದು ನೋಡುವುದು ಒಳ್ಳೆಯದು. ಮೇಲಿನ ಪಟ್ಟಿಯಲ್ಲಿ 1ನೆಯ ಸಾಲು ಎರಡು ಸಲ ದುಡಿದಿದೆ, ನಾಲ್ಕರಲ್ಲೊಮ್ಮೆ, ಎಂಟರಲ್ಲೊಮ್ಮೆ. ಕೊನೆಯ ಸಾಲನ್ನು ಬಿಟ್ಟರೆ ಕೆಲಸವಿಲ್ಲದೆ ಕೂತ ಸಾಲು ಒಂದೂ ಇಲ್ಲ.

ಇಷ್ಟು ಬರೆದು ಕಳಿಸಿದ ಮೇಲೆ ಅವಳಿಂದ ಒಳ್ಳೆಯ ಪ್ರಶ್ನೆಯೊಂದು ಬಂತು: C ಬಿಂದು ಕೆಳಗೆ ಇರದೆ, ಬಾಣದ ಮೊನೆಯಂತೆ ABD ತ್ರಿಭುಜದ ಒಳಗೆ ಬಂದುಬಿಟ್ಟರೆ? ಆಗ AC ಕರ್ಣ BDಯನ್ನು ಮುಟ್ಟುವುದೇ ಇಲ್ಲ. Cಯಿಂದ ಮುಂದಕ್ಕೆ ಬೆಳೆಸಿದರೆ Eಯಲ್ಲಿ ಮುಟ್ಟುತ್ತದೆ. ಆದರೂ ಪಟ್ಟಿಯಲ್ಲಿ ಬದಲಾಗುವುದು ಆರನೆಯ ಸಾಲಿನ ಕಾರಣ ಮಾತ್ರ: E ಬಿಂದು AC ಮೇಲಿಲ್ಲ, Aಯಿಂದ C ಕಡೆಗೆ ಹೊರಟ ಕಿರಣದ ಮೇಲಿದೆ. ಕೋನ ಅದೇ. ಒಳಗೆ ಬಂದದ್ದು A ಆದರೆ ಅಷ್ಟು ಸಲೀಸಲ್ಲ. ಆಗ E ಬಿಂದು Aಯ ಆಚೆ ಬದಿಯಲ್ಲಿ ಬೀಳುತ್ತದೆ. ಕೋನ BAE ಎಂದರೆ 180°ಯಿಂದ ಕೋನ BAC ಕಳೆದು ಉಳಿದದ್ದು, DAE ಕೂಡ ಹಾಗೆಯೇ. ಸಮ ಕೋನಗಳ ಪರಿಪೂರಕ ಕೋನಗಳು ಸಮ ಎಂಬ ಕಾರಣವನ್ನು ಆರನೆಯ ಸಾಲಿಗೆ ಹಾಕಿಕೊಂಡರೆ, ಏಳರಿಂದ ಒಂಬತ್ತರವರೆಗೆ ಒಂದಕ್ಷರವನ್ನೂ ತಿದ್ದಬೇಕಾಗಿಲ್ಲ.