ಶುಕ್ರವಾರ ಸಂಜೆ ಕಳುಹಿಸಿದ ಡಾಲರ್ ಬುಧವಾರ ಜಮೆಯಾಗುವುದೇಕೆ?

ಆನ್‌ಲೈನಿನಲ್ಲಿ ಹಣ ಕಳುಹಿಸಿದಾಗ ಎರಡು ಕೆಲಸ ನಡೆಯಬೇಕು. ಇಷ್ಟು ಹಣ ಇಂಥವರಿಗೆ ಸೇರಬೇಕೆಂಬ ಸಂದೇಶ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹೋಗಬೇಕು. ಆ ಬ್ಯಾಂಕುಗಳ ನಡುವಿನ ಲೆಕ್ಕ ಚುಕ್ತಾ ಆಗಬೇಕು. ಸಂದೇಶಕ್ಕೆ ಕ್ಷಣ ಸಾಕು. ಚುಕ್ತಾ ಆಗುವುದು ಸಾಮಾನ್ಯವಾಗಿ ಆ ದೇಶದ ಕೇಂದ್ರ ಬ್ಯಾಂಕಿನ ಲೆಕ್ಕದಲ್ಲಿ. ಅದರ ಬಾಗಿಲು ಯಾವಾಗ ತೆರೆದಿರುತ್ತದೆ ಎಂಬುದರ ಮೇಲೆ ಹಣ ತಲುಪುವ ದಿನ ನಿಂತಿದೆ.

ಭಾರತದೊಳಗೆ ಈ ಬಾಗಿಲು ಈಗ ಮುಚ್ಚುವುದಿಲ್ಲ. ಮೊದಲೆಲ್ಲ ನೆಫ್ಟ್ ಕೆಲಸದ ದಿನಗಳಲ್ಲಿ, ನಿಗದಿತ ವೇಳೆಯಲ್ಲಿ ಮಾತ್ರ ನಡೆಯುತ್ತಿತ್ತು. 2019ರ ಡಿಸೆಂಬರ್ 16ರಿಂದ ಅದು ಭಾನುವಾರವೂ ಹಬ್ಬದ ದಿನವೂ ಅರ್ಧ ಗಂಟೆಗೊಂದು ಕಂತಿನಂತೆ, ದಿನಕ್ಕೆ 48 ಕಂತುಗಳಲ್ಲಿ ನಡೆಯುತ್ತದೆ. ಕಂತು ಚುಕ್ತಾ ಆದ ಎರಡು ಗಂಟೆಯೊಳಗೆ ಪಡೆಯುವವರ ಖಾತೆಗೆ ಜಮೆ ಮಾಡಬೇಕು, ಇಲ್ಲವೇ ಹಣ ವಾಪಸ್ ಕಳುಹಿಸಬೇಕು. ಆರ್‌ಟಿಜಿಎಸ್ ಕೂಡ 2020ರ ಡಿಸೆಂಬರ್ 14ರಿಂದ ಹಗಲಿರುಳೂ ಇದೆ. ಶಾಖೆಗೆ ಹೋಗಿ ಫಾರಂ ತುಂಬಿ ಕಳುಹಿಸುವವರಿಗಷ್ಟೇ ಶಾಖೆಯ ವೇಳೆ, ರಜೆಗಳು ಅನ್ವಯಿಸುತ್ತವೆ.

ಗೊಂದಲ ಉಳಿದಿರುವುದು ಹೊರದೇಶದಿಂದ ಬರುವ ಹಣದಲ್ಲಿ. ಅಮೆರಿಕದಲ್ಲಿ ಬ್ಯಾಂಕಿನಿಂದ ಬ್ಯಾಂಕಿಗೆ ‘ವೈರ್’ ಕಳುಹಿಸಿದರೆ ಅದರ ಚುಕ್ತಾ ಹೆಚ್ಚಾಗಿ ಫೆಡರಲ್ ರಿಸರ್ವ್ ನಡೆಸುವ ಫೆಡ್‌ವೈರ್‌ನಲ್ಲಿ ಆಗುತ್ತದೆ. ಶನಿವಾರ, ಭಾನುವಾರ ಮತ್ತು ಅಲ್ಲಿನ ರಾಷ್ಟ್ರೀಯ ರಜೆಗಳಂದು ಅಲ್ಲಿ ಚುಕ್ತಾ ಇಲ್ಲ. ಉಳಿದ ದಿನಗಳಲ್ಲಿ ನ್ಯೂಯಾರ್ಕ್ ಸಮಯ ಸಂಜೆ 7ಕ್ಕೆ ದಿನದ ಲೆಕ್ಕ ಮುಗಿಯುತ್ತದೆ. ತಪಾಸಣೆಗೆ ಸಮಯ ಬೇಕಾದ್ದರಿಂದ ಪ್ರತಿ ಬ್ಯಾಂಕೂ ಗ್ರಾಹಕರಿಗೆ ಇನ್ನೂ ಮುಂಚಿನ ಗಡುವು ಇಟ್ಟುಕೊಂಡಿರುತ್ತದೆ. ಬ್ಯಾಂಕುಗಳು ಕಟ್-ಆಫ್ ಎನ್ನುವುದು ಇದಕ್ಕೇ. ಗಡುವು ದಾಟಿದ ಮೇಲೆ ಒತ್ತಿದ ಗುಂಡಿಗೆ ಮರುದಿನದ, ಅಂದರೆ ಮುಂದಿನ ಕೆಲಸದ ದಿನದ ತಾರೀಖು. ಗಡುವು ನ್ಯೂಯಾರ್ಕ್ ಸಮಯದಲ್ಲಿ ಸಂಜೆ 5 ಎಂದಿದ್ದರೆ ಕ್ಯಾಲಿಫೋರ್ನಿಯಾದಲ್ಲಿರುವವರಿಗೆ ಅದು ಮಧ್ಯಾಹ್ನ 2 ಗಂಟೆ. ಅಲ್ಲಿ ಎಡವುವವರು ಬಹಳ ಮಂದಿ.

ಒಂದು ಉದಾಹರಣೆ ನೋಡಬಹುದು. ನ್ಯೂಜೆರ್ಸಿಯಲ್ಲಿರುವ ಮಗಳು ಧಾರವಾಡದ ತಂದೆಯ ಖಾತೆಗೆ ಮೇ ತಿಂಗಳ ಕೊನೆಯ ಸೋಮವಾರಕ್ಕೆ ಹಿಂದಿನ ಶುಕ್ರವಾರ ಡಾಲರ್ ಕಳುಹಿಸುತ್ತಾಳೆ. ಆ ಸೋಮವಾರ ಅಮೆರಿಕದಲ್ಲಿ ಮೆಮೋರಿಯಲ್ ಡೇ ರಜೆ. ಅದರ ಹಿಂದಿನ ಶನಿವಾರ ಬಹುತೇಕ ವರ್ಷಗಳಲ್ಲಿ ತಿಂಗಳ ನಾಲ್ಕನೆಯದು. ಅಂದು ಭಾರತದ ಬ್ಯಾಂಕುಗಳಿಗೂ ರಜೆ.

ಅವಳು ಶುಕ್ರವಾರ ಮಧ್ಯಾಹ್ನ 12ಕ್ಕೆ ಕಳುಹಿಸಿದಳೆನ್ನಿ. ಇಲ್ಲಿ ಆಗ ರಾತ್ರಿ ಒಂಬತ್ತೂವರೆ. ಅದೇ ದಿನ ನ್ಯೂಯಾರ್ಕಿನಲ್ಲಿ ಚುಕ್ತಾ ಆಗಿ, ತಂದೆಯ ಬ್ಯಾಂಕು ಅಲ್ಲಿನ ಬ್ಯಾಂಕೊಂದರಲ್ಲಿ ಇಟ್ಟಿರುವ ಡಾಲರ್ ಖಾತೆಗೆ ಹಣ ಸೇರುತ್ತದೆ. ನಾಸ್ಟ್ರೋ ಖಾತೆ ಎಂದು ಅದಕ್ಕೆ ಹೆಸರು. ಶನಿವಾರ, ಭಾನುವಾರ ಇಲ್ಲಿನ ವಿದೇಶಿ ವಿನಿಮಯ ವಿಭಾಗ ಮುಚ್ಚಿರುತ್ತದೆ. ಸೋಮವಾರ ಡಾಲರನ್ನು ರೂಪಾಯಿಗೆ ಪರಿವರ್ತಿಸಿ ತಂದೆಯ ಖಾತೆಗೆ ಜಮೆ ಮಾಡಬಹುದು.

ಅದೇ ಹಣವನ್ನು ಸಂಜೆ ಐದೂವರೆಗೆ, ಐದರ ಗಡುವು ದಾಟಿ ಕಳುಹಿಸಿದರೆ ಸೋಮವಾರವೂ ಕೈಬಿಟ್ಟು ಹೋಗುತ್ತದೆ. ಚುಕ್ತಾ ಆಗುವುದು ಮಂಗಳವಾರ. ಅಲ್ಲಿ ಮಂಗಳವಾರ ಬೆಳಿಗ್ಗೆ 10 ಆದಾಗ ಇಲ್ಲಿ ಸಂಜೆ ಏಳೂವರೆ, ವಿನಿಮಯ ಮಾರುಕಟ್ಟೆ ಮುಗಿದಿರುತ್ತದೆ. ತಂದೆಗೆ ಹಣ ಸಿಗುವುದು ಬುಧವಾರ. ಐದೂವರೆ ಗಂಟೆಯ ತಡಕ್ಕೆ ಎರಡು ದಿನದ ದಂಡ! ರೂಪಾಯಿಯ ದರವೂ ಸಾಮಾನ್ಯವಾಗಿ ಪರಿವರ್ತಿಸುವ ದಿನದ್ದೇ ಆದ್ದರಿಂದ, ಎಷ್ಟು ಕೈಸೇರುತ್ತದೆ ಎಂಬುದೂ ಅಲ್ಲಿಯವರೆಗೆ ಖಚಿತವಿಲ್ಲ. ಆಸ್ಪತ್ರೆಯ ಬಿಲ್ಲಿಗೋ ಕಾಲೇಜಿನ ಶುಲ್ಕಕ್ಕೋ ಕಾಯುತ್ತಿರುವ ಮನೆಗೆ ಇದು ಸಣ್ಣ ವಿಷಯವಲ್ಲ. ತುರ್ತಿದ್ದರೆ ವಾರದ ಮೊದಲ ದಿನಗಳಲ್ಲಿ, ಅಲ್ಲಿನ ಬೆಳಗಿನ ಹೊತ್ತಿಗೆ ಕಳುಹಿಸುವುದೇ ಸರಿ.

ತಡವಾದಾಗ ಹಣ ಎಲ್ಲಿ ನಿಂತಿದೆ ಎಂದು ತಿಳಿಯಲು ದಾರಿಯಿದೆ. ಸ್ವಿಫ್ಟ್ ಮೂಲಕ ಹೋಗುವ ಪಾವತಿಗೆ ಯುಇಟಿಆರ್ ಎಂಬ 36 ಅಕ್ಷರಗಳ ಗುರುತು ಇರುತ್ತದೆ. ಕಳುಹಿಸಿದವರು ಅದನ್ನು ತಮ್ಮ ಬ್ಯಾಂಕಿನಿಂದ ಕೇಳಿ ಪಡೆದರೆ ಎರಡೂ ಕಡೆಯ ಬ್ಯಾಂಕುಗಳು ಪಾವತಿಯ ಜಾಡು ಹಿಡಿಯಬಹುದು. ಇನ್ನೂ ಅಮೆರಿಕದಲ್ಲೇ ಇದ್ದರೆ ಕಾರಣ ಸಾಮಾನ್ಯವಾಗಿ ಗಡುವು, ರಜೆ ಅಥವಾ ತಪಾಸಣೆ. ಭಾರತದ ಬ್ಯಾಂಕು ತಲುಪಿಯೂ, ಕೆಲಸದ ದಿನ ಕಳೆದರೂ ಜಮೆ ಆಗದಿದ್ದರೆ ಹೆಸರಿನ ವ್ಯತ್ಯಾಸವನ್ನೋ, ಹಣ ಬಂದ ಉದ್ದೇಶ ತಿಳಿಸದಿರುವುದನ್ನೋ ವಿಚಾರಿಸಬೇಕು.

ತಂದೆಯ ಖಾತೆ ವಿದೇಶಿ ವಿನಿಮಯ ನಡೆಸದ ಸಹಕಾರಿ ಬ್ಯಾಂಕಿನಲ್ಲಿದ್ದರೆ, ಡಾಲರ್ ಮೊದಲು ಬೇರೊಂದು ಬ್ಯಾಂಕಿಗೆ ಬಂದು ರೂಪಾಯಿಯಾಗಬೇಕು. ಅಲ್ಲಿಂದ ನೆಫ್ಟ್‌ನಲ್ಲಿ ಹೊರಟ ಮೇಲೆ ಮಾತ್ರ ಹಣಕ್ಕೆ ಭಾನುವಾರದ ಅಡ್ಡಿಯಿಲ್ಲ.